ವೀಸಾ ನಾನೇ ನೋಡ್ಕೋತೀನಿ ಅಂದಿದ್ದೆ

2025ರ ಜನವರಿ ಕೊನೆ. ಮಧ್ಯಾಹ್ನ ಎರಡೂವರೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಬಾಡಿಗೆ ಮನೆಯ ಮಹಡಿ ಕೋಣೆ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ. ಕ್ಯಾಮೆರಾ ಮುಖದ ಎತ್ತರಕ್ಕೆ ಬರಲಿ ಅಂತ ಲ್ಯಾಪ್‌ಟಾಪ್ ಕೆಳಗೆ ಹೆಂಡತಿಯ ಶಾಲೆಯ ಉತ್ತರಪತ್ರಿಕೆ ಕಟ್ಟು. ಅವಳು ಹೈಸ್ಕೂಲಿನಲ್ಲಿ ಗಣಿತ ಟೀಚರ್.

ಎದುರಿಗಿದ್ದದ್ದು ನೆದರ್‌ಲ್ಯಾಂಡ್ಸ್‌ನ ಒಂದು ಕಂಪನಿ. ನಾನು ಬಳ್ಳಾರಿ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಒಂದರಲ್ಲಿ ಪಿಎಲ್‌ಸಿ ಎಂಜಿನಿಯರ್. ಅದಿರು, ಕಲ್ಲಿದ್ದಲು ಹೊತ್ತು ಓಡುವ ಬೆಲ್ಟುಗಳು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಅಂತ ಹೇಳುವ ಪ್ರೋಗ್ರಾಂ ನೋಡಿಕೊಳ್ಳುವ ಕೆಲಸ. ಅವರಿಗೂ ಅಂಥವರೇ ಬೇಕಿತ್ತು. ನಲವತ್ತು ನಿಮಿಷ ಮಾತು ಚೆನ್ನಾಗಿ ಹೋಯಿತು. ಕೊನೆಯಲ್ಲಿ ಎಚ್‌ಆರ್ ಹೆಣ್ಣುಮಗಳು ಕೇಳಿದಳು, ‘ವೀಸಾ ವಿಷಯ ಹೇಗೆ?’

ನಾನು ನಗುತ್ತಾ ಹೇಳಿದೆ, ‘ನೋ ಪ್ರಾಬ್ಲಂ ಮೇಡಂ. ವೀಸಾ ನಾನೇ ನೋಡ್ಕೋತೀನಿ. ನಿಮಗೆ ಯಾವ ತೊಂದರೆಯೂ ಇಲ್ಲ.’

‘ಓ’ ಅಂದಳು. ಆಮೇಲೆ ಏನೂ ಅನ್ನಲಿಲ್ಲ. ಎರಡು ದಿನಕ್ಕೆ ‘ಬೇರೆಯವರನ್ನು ಆರಿಸಿದ್ದೇವೆ’ ಅಂತ ಮೇಲ್ ಬಂತು.

ನಮ್ಮ ಕಡೆ ಯಾರ ಮನೆಗಾದರೂ ಹೋದರೆ ‘ಚಾ ಬ್ಯಾಡ್ರಿ, ಈಗ ಕುಡಿದೇ ಬಂದೀವಿ’ ಅಂತೀವಲ್ಲ, ಹಾಗೆಯೇ ನಾನು ಹೇಳಿದ್ದು. ಕೆಲಸ ಕೊಡುವವರ ತಲೆಗೆ ಭಾರ ಹಾಕಬಾರದು ಅಂತ. ಕಾಲೇಜಿನ ಸೀನಿಯರ್ ಒಬ್ಬರು ಆರು ವರ್ಷದಿಂದ ಐಂಡ್‌ಹೋವನ್‌ನಲ್ಲಿದ್ದಾರೆ. ಕೊಪ್ಪಳದವರು. ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ.

‘ಏನಪ, ಖರೇನೇ ಹಂಗಂದ್ಯಾ?’

‘ಹೌದಣ್ಣ. ತಪ್ಪೇನಾಯ್ತು?’

‘ತಮ್ಮಾ, ಆ ವೀಸಾ ನೀನು ನೋಡ್ಕೋಳ್ಳಾಕ ಬರಂಗೇ ಇಲ್ಲ. ಅರ್ಜಿ ಹಾಕೋರು ಅವರು. ನಿನಗ ಏನೂ ಗೊತ್ತಿಲ್ಲ ಅಂತ ಅವರಿಗೆ ಅಲ್ಲೇ ಗೊತ್ತಾಗೇತಿ. ಇಲ್ಲಾ, ಸುಳ್ಳು ಹೇಳಾಕತ್ತಾನ ಅಂದ್ಕೊಂಡಾರ.’

ಅವತ್ತು ರಾತ್ರಿ ಕೂತು ಓದಿದೆ. ನನ್ನಂಥವರು ಅಲ್ಲಿಗೆ ಕೆಲಸಕ್ಕೆ ಹೋಗುವ ಮಾಮೂಲಿ ದಾರಿಗೆ ಡಚ್ಚರು ‘ಕೆನ್ನಿಸ್‌ಮಿಗ್ರಾಂಟ್’ ಅಂತಾರೆ. ಪರಿಣತ ವಲಸಿಗ ಅಂತ ಅರ್ಥ. ಅರ್ಜಿಯನ್ನು ಕಂಪನಿಯೇ ಅಲ್ಲಿನ ವಲಸೆ ಇಲಾಖೆಗೆ ಹಾಕಬೇಕು. ಇಲಾಖೆಯ ಹೆಸರು ಐಎನ್‌ಡಿ. ಎಲ್ಲ ಕಂಪನಿಗಳೂ ಹಾಕುವ ಹಾಗಿಲ್ಲ. ಐಎನ್‌ಡಿ ಮೊದಲೇ ಒಪ್ಪಿರುವ ‘ರೆಕಗ್ನೈಸ್ಡ್ ಸ್ಪಾನ್ಸರ್’ ಆಗಿರಬೇಕು. ಅಂಥ ಕಂಪನಿಗಳ ಪಟ್ಟಿಯನ್ನು ಐಎನ್‌ಡಿ ತನ್ನ ವೆಬ್‌ಸೈಟಿನಲ್ಲೇ ಹಾಕಿದೆ. ಯಾರು ಬೇಕಾದರೂ ನೋಡಬಹುದು. ನನ್ನನ್ನು ಬೇಡ ಅಂದ ಕಂಪನಿಯನ್ನು ಹುಡುಕಿದೆ. ಹೆಸರೇ ಇರಲಿಲ್ಲ. ಅಂದರೆ ಅವರು ‘ವೀಸಾ ಹೇಗೆ’ ಅಂತ ಕೇಳಿದ್ದು ನಿಜವಾದ ಪ್ರಶ್ನೆ. ನನಗೋಸ್ಕರ ಅವರು ಹೊಸದಾಗಿ ಫೀಸು ಕಟ್ಟಿ ಆ ಮಾನ್ಯತೆ ಪಡೆಯಬೇಕಿತ್ತು. ನಾನು ಅದನ್ನು ಚಹಾ ಬೇಡ ಅನ್ನುವ ಹಾಗೆ ಬೇಡ ಅಂದಿದ್ದೆ.

ಅರ್ಜಿ ಹಾಕಬೇಕು ಅಂತ ನಾನು ಬರೆದಿಟ್ಟುಕೊಂಡಿದ್ದ ಕಂಪನಿಗಳು 31. ಒಂದೊಂದನ್ನೇ ಆ ಪಟ್ಟಿಯಲ್ಲಿ ಹುಡುಕಿದೆ. ಇಲ್ಲೊಂದು ಎಡವಟ್ಟಿದೆ. ಬೋರ್ಡಿನ ಮೇಲಿನ ಹೆಸರು ಒಂದು, ಕಾಗದದ ಮೇಲಿನ ಹೆಸರು ಇನ್ನೊಂದು ಇರುತ್ತೆ. ಪಟ್ಟಿಯಲ್ಲಿರೋದು ಕಾಗದದ ಹೆಸರು, ಪಕ್ಕದಲ್ಲಿ ಕಂಪನಿಯ ನೋಂದಣಿ ನಂಬರು. ಆ ನಂಬರು ಸಾಮಾನ್ಯವಾಗಿ ಕಂಪನಿಯ ವೆಬ್‌ಸೈಟಿನ ತಳದಲ್ಲಿ ಸಣ್ಣ ಅಕ್ಷರದಲ್ಲಿರುತ್ತೆ. ಹೆಸರು ಸಿಗಲಿಲ್ಲ ಅಂತ ನಾನು ಹೊಡೆದು ಹಾಕಿದ್ದ ನಾಲ್ಕು ಕಂಪನಿಗಳು ನಂಬರ್ ಹಾಕಿದಾಗ ಸಿಕ್ಕವು. ಕೊನೆಗೆ 31ರಲ್ಲಿ ಉಳಿದದ್ದು 14.

ಇನ್ನೊಂದು ವಿಷಯ ಓದಿ ಖುಷಿಯಾಯಿತು. ಈ ದಾರಿಯಲ್ಲಿ ಡಿಗ್ರಿಗಿಂತ ಸಂಬಳ ಮುಖ್ಯ. ತಿಂಗಳ ಸಂಬಳ ಸರ್ಕಾರ ಹೇಳಿದ ಮಿತಿಯಷ್ಟಾದರೂ ಇರಬೇಕು. 2025ಕ್ಕೆ ಆ ಮಿತಿ ಎರಡು ಥರ ಇತ್ತು. 30 ವರ್ಷದೊಳಗಿನವರಿಗೆ 4,171 ಯೂರೋ. 30 ತುಂಬಿದವರಿಗೆ 5,688. ಪ್ರತಿ ಜನವರಿಗೆ ಇದು ಏರುತ್ತೆ. ಈ ವರ್ಷ, ಅಂದರೆ 2026ಕ್ಕೆ, 4,357 ಮತ್ತು 5,942 ಆಗಿದೆ.

ನನ್ನ ವಯಸ್ಸು ಎಷ್ಟು? ಇಲ್ಲಿ ಕಥೆ ಸಿರುಗುಪ್ಪ ಹತ್ತಿರದ ನಮ್ಮ ಹಳ್ಳಿ ಶಾಲೆಗೆ ಹೋಗಬೇಕು.

ನಾನು ಹುಟ್ಟಿದ್ದು 1995ರ ದೀಪಾವಳಿ ಮುಗಿದು ಹತ್ತು ದಿನಕ್ಕೆ ಅಂತ ಅವ್ವ ಹೇಳುತ್ತಾಳೆ. ಒಂದನೇ ಕ್ಲಾಸಿಗೆ ಸೇರಿಸುವಾಗ ತಾರೀಕು ಕೇಳಿದರೆ ಅಪ್ಪ ‘ಭತ್ತ ಕೊಯ್ಯೋ ಟೈಮು’ ಅಂದನಂತೆ. ಮೇಷ್ಟ್ರು ಎಲ್ಲರಿಗೂ ಬರೆದ ಹಾಗೆ ನನಗೂ ಜೂನ್ 1 ಅಂತ ಬರೆದರು. ನಮ್ಮ ಕ್ಲಾಸಿನಲ್ಲಿ ಹನ್ನೊಂದು ಜನ ಜೂನ್ 1ಕ್ಕೆ ಹುಟ್ಟಿದ್ದೀವಿ. ಅದೇ ಎಸ್ಸೆಸ್ಸೆಲ್ಸಿ ಕಾರ್ಡಿಗೆ ಬಂತು. ಅಲ್ಲಿಂದ ಪಾಸ್‌ಪೋರ್ಟಿಗೆ ಬಂತು. ಹೀಗಾಗಿ ಕಾಗದದ ಪ್ರಕಾರ ನನಗೆ 30 ತುಂಬುವುದು 2025ರ ಜೂನ್ 1ಕ್ಕೆ. ನಿಜಕ್ಕಿಂತ ಐದು ತಿಂಗಳು ಮೊದಲು. ಐಎನ್‌ಡಿ ನೋಡುವುದು ಕಾಗದವನ್ನು, ಅದೂ ಅರ್ಜಿ ಅವರ ಕೈಗೆ ಸೇರಿದ ದಿನದ ವಯಸ್ಸನ್ನು. ಮೇ 31ಕ್ಕೆ ಅರ್ಜಿ ಸೇರಿದರೆ ನನ್ನ ಬೆಲೆ 4,171. ಒಂದು ದಿನ ತಡವಾದರೆ 5,688. ನನ್ನ ಅನುಭವಕ್ಕೆ ಅಷ್ಟು ಸಂಬಳ ಯಾರೂ ಕೊಡಲ್ಲ ಅಂತ ಸೀನಿಯರ್ ಖಡಾಖಂಡಿತ ಹೇಳಿದರು.

ಅವತ್ತು ಫೆಬ್ರವರಿ 3. ನಾಲ್ಕು ತಿಂಗಳೂ ಇರಲಿಲ್ಲ.

ಹೊಸದಾಗಿ ಅರ್ಜಿಗಳನ್ನು ಹಾಕಿದೆ. ಜೊತೆಗೆ ವೀಸಾ ಪ್ರಶ್ನೆಗೆ ಉತ್ತರ ಬರೆದು ಬಾಯಿಪಾಠ ಮಾಡಿದೆ. ಬಹಳ ಸಲ ಹೊಡೆದು ಬರೆದ ಮೇಲೆ ಉಳಿದದ್ದು ಇಷ್ಟು: ‘ನಾನು ಭಾರತದ ಪ್ರಜೆ, ಇರೋದು ಭಾರತದಲ್ಲಿ. ನನಗೆ ಕೆನ್ನಿಸ್‌ಮಿಗ್ರಾಂಟ್ ಪರ್ಮಿಟ್ ಬೇಕಾಗುತ್ತೆ. ಅರ್ಜಿ ನೀವು ಹಾಕಬೇಕು. ನೀವು ಐಎನ್‌ಡಿ ಪಟ್ಟಿಯಲ್ಲಿ ಇದ್ದೀರಿ ಅಂತ ನೋಡಿದ್ದೀನಿ. ಹಿಂದೆ ಯಾವ ದೇಶದ ವೀಸಾ ಕೇಳಿಲ್ಲ, ಹಾಗಾಗಿ ತಿರಸ್ಕಾರವೂ ಆಗಿಲ್ಲ.’ ಹೇಳೋಕೆ ಇಪ್ಪತ್ತು ಸೆಕೆಂಡು. ಮೊದಲು ಬರೆದದ್ದರಲ್ಲಿ ‘ದಯವಿಟ್ಟು’ ಮೂರು ಸಲ ಇತ್ತು. ‘ಅವಕಾಶ ಕೊಟ್ಟರೆ ಋಣಿ’ ಅಂತಲೂ ಇತ್ತು. ಸೀನಿಯರ್ ಅದನ್ನೆಲ್ಲ ತೆಗೆಸಿದರು. ‘ಇದು ಬೇಡಿಕೊಳ್ಳೋ ವಿಷಯ ಅಲ್ಲಪ. ಅವರಿಗೂ ಜನ ಬೇಕಾಗ್ಯಾರ’ ಅಂದರು.

ಎರಡನೇ ಪ್ರಶ್ನೆಯೇ ನನಗೆ ಹೆಚ್ಚು ಕಾಟ ಕೊಟ್ಟದ್ದು. ‘ಯಾಕೆ ಈ ದೇಶಕ್ಕೆ ಬರಬೇಕು ಅಂತಿದ್ದೀರಿ?’ ಫೋನಿನಲ್ಲೇ ಸೀನಿಯರ್ ಇಂಟರ್‌ವ್ಯೂ ಮಾಡುವವರ ಥರ ಕೇಳಿದರು. ನಾನು ಟುಲಿಪ್ ಹೂ, ಸೈಕಲ್, ಒಳ್ಳೆ ಜೀವನಮಟ್ಟ ಅಂತ ಶುರು ಮಾಡಿದೆ.

‘ಟುಲಿಪ್ ನೋಡಾಕ ಟೂರಿಸ್ಟ್ ವೀಸಾ ಐತಿ. ಮುಂದ?’

‘ದುಡ್ಡು ಜಾಸ್ತಿ ಅಣ್ಣ.’

‘ಹ್ಞಾಂ. ಅದನ್ನ ಒಂದು ಸಾಲಿನಾಗ ಹೇಳು. ನಾಚಿಕಿ ಬ್ಯಾಡ. ಆದ್ರ ಅದೊಂದೇ ಹೇಳಿದ್ರ, ಜರ್ಮನಿಯವರು ಐನೂರು ಯೂರೋ ಜಾಸ್ತಿ ಕೊಟ್ಟರ ಅಲ್ಲಿಗೆ ಹೋಗ್ತಾನ ಅಂತ ತಿಳ್ಕೋತಾರ. ಮುಂದ?’

ಮುಂದೆ ನನ್ನ ಹತ್ತಿರ ಏನೂ ಇರಲಿಲ್ಲ. ಅವರು ವಿವರಿಸಿದ ಮೇಲೆ ಪ್ರಶ್ನೆಯ ಒಳಗಿನ ಪ್ರಶ್ನೆ ತಿಳಿಯಿತು. ವಿಮಾನದ ಟಿಕೆಟ್, ಮೊದಲ ತಿಂಗಳ ಮನೆ, ಪರ್ಮಿಟ್ ಖರ್ಚು ಅಂತ ಕಂಪನಿ ಮೊದಲೇ ಕೈಯಿಂದ ಹಾಕಿರುತ್ತೆ. ಅವರ ಭಯ ಒಂದೇ. ಮೊದಲ ಚಳಿಗಾಲಕ್ಕೇ ಈತ ಊರಿನ ನೆನಪಾಗಿ ವಾಪಸ್ ಹೊರಟರೆ? ಹೆಂಡತಿಗೆ ಇಷ್ಟ ಇಲ್ಲದೆ ಬಂದಿದ್ದರೆ? ಅವರು ದೇಶದ ಹೊಗಳಿಕೆ ಕೇಳುತ್ತಿಲ್ಲ. ನೀನು ಲೆಕ್ಕ ಹಾಕಿಯೇ ಬರ್ತಿದ್ದೀಯಾ ಅಂತ ಕೇಳುತ್ತಿದ್ದಾರೆ.

ಲೆಕ್ಕ ನಾನು ನಿಜಕ್ಕೂ ಹಾಕಿರಲಿಲ್ಲ. ಹೆಂಡತಿಯನ್ನೇ ಸರಿಯಾಗಿ ಕೇಳಿರಲಿಲ್ಲ. ಅವತ್ತು ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದು ಮಹಡಿ ಮೇಲೆ ಕೂತು ಕೇಳಿದೆ. ಅವಳು ಆಗಲೇ ಯೋಚಿಸಿ ಮುಗಿಸಿದ್ದಳು. ‘ನೋಡ್ರೀ, ಹತ್ತನೇ ಕ್ಲಾಸನ್ನ ನಡುವೆ ಬಿಟ್ಟು ನಾನು ಬರಲ್ಲ. ನೀವು ಹೋಗ್ರಿ. ಮುಂದಿನ ಏಪ್ರಿಲ್‌ನಾಗ ಪರೀಕ್ಷೆ ಮುಗಿದ ಮೇಲೆ ಬರ್ತೀನಿ. ಅಲ್ಲಿ ಪಾಠ ಮಾಡಾಕ ಡಚ್ ಭಾಷೆ ಬೇಕಂತಲ್ಲ, ಇಲ್ಲಿದ್ದಾಗಲೇ ಕಲಿಯಾಕ ಶುರು ಮಾಡ್ತೀನಿ.’ ಕೆನ್ನಿಸ್‌ಮಿಗ್ರಾಂಟ್ ಗಂಡ ಅಥವಾ ಹೆಂಡತಿಯ ಜೊತೆ ಹೋದವರಿಗೆ ಅಲ್ಲಿ ಬೇರೆ ಪರ್ಮಿಟ್ ಇಲ್ಲದೆಯೇ ಕೆಲಸ ಮಾಡಲು ಬಿಡುತ್ತಾರೆ. ಅದನ್ನೂ ಅವಳೇ ಹುಡುಕಿ ಇಟ್ಟಿದ್ದಳು.

ಇದನ್ನೇ ಇಂಟರ್‌ವ್ಯೂನಲ್ಲಿ ಹೇಳುವುದು ಅಂತ ತೀರ್ಮಾನಿಸಿದೆ. ಜೊತೆಗೆ ನನ್ನ ಸ್ವಂತ ಕಾರಣ ಒಂದನ್ನು. ಅದು ಹೊರಗೆ ಬರಲು ಒಂದು ವಾರ ಹಿಡಿಯಿತು. ಆರು ವರ್ಷದಿಂದ ನಾನು ಬೇರೆಯವರು ಮಾಡಿದ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದೇನೆ. ಯಾವ ಸೆನ್ಸರ್ ಯಾವ ಧೂಳಿಗೆ ಕೈಕೊಡುತ್ತೆ ಅಂತ ನನಗೆ ಗೊತ್ತು, ಡ್ರಾಯಿಂಗ್ ಹಾಕಿದವರಿಗೆ ಗೊತ್ತಿಲ್ಲ. ಆ ಡ್ರಾಯಿಂಗ್ ಹಾಕುವ ಮೇಜಿನ ಹತ್ತಿರ ಕೂರಬೇಕು ಅನ್ನೋದು ನನ್ನ ಆಸೆ. ನಾನು ಅರ್ಜಿ ಹಾಕಿದ್ದ ಕಂಪನಿಗಳಲ್ಲಿ ಒಂದು ಬಂದರುಗಳಿಗೆ ಕನ್ವೇಯರ್ ಮಾಡಿಕೊಡುವ ಕಂಪನಿ. ಅವರಿಗೆ ಈ ಮಾತು ತಾಗಬಹುದು ಅನ್ನಿಸಿತು.

ಅವರಿಂದಲೇ ಕರೆ ಬಂತು. ಮೊದಲ ಸುತ್ತು ಮಾರ್ಚ್ 11ಕ್ಕೆ.

ಅಭ್ಯಾಸಕ್ಕೆ ಹೆಂಡತಿಯೇ ಎದುರು ಕೂತಳು. ಕೈಯಲ್ಲಿ ಸೀನಿಯರ್ ಕಳಿಸಿದ ಪ್ರಶ್ನೆಗಳು, ಪಕ್ಕದಲ್ಲಿ ಒಂದು ಡಬ್ಬಿ ಹುರಿದ ಶೇಂಗಾ, ಮುಂದೆ ಸ್ಟೀಲ್ ತಟ್ಟೆ. ನಾನು ‘ಸರ್’ ಅಂದಾಗಲೆಲ್ಲ ಅವಳು ಮಾತಾಡದೆ ಒಂದು ಶೇಂಗಾ ತೆಗೆದು ತಟ್ಟೆಗೆ ಹಾಕುತ್ತಿದ್ದಳು. ಟಣ್. ಮೊದಲ ಎರಡು ನಿಮಿಷ ನನಗೆ ಗೊತ್ತೇ ಆಗಲಿಲ್ಲ. ಹತ್ತು ನಿಮಿಷಕ್ಕೆ 23 ಶೇಂಗಾ. ಎದುರಿಗಿರುವುದು ಹೆಂಡತಿ ಅಂತ ಗೊತ್ತಿದ್ದೂ 23 ಸಲ ‘ಸರ್’ ಅಂದಿದ್ದೆ.

ಅಲ್ಲಿ ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ವಯಸ್ಸಾದವರನ್ನು ಹೆಸರು ಹಿಡಿದು ಕರೆಯೋಕೆ ನನ್ನ ಬಾಯಿ ಏಳುವುದಿಲ್ಲ. ‘ಹಂಗಾದ್ರ ಏನೂ ಕರೀಬ್ಯಾಡ, ಸೀದಾ ಉತ್ತರ ಹೇಳು’ ಅಂದರು ಸೀನಿಯರ್. ಇದು ಕೆಲಸಕ್ಕೆ ಬಂತು. ಮೂರನೇ ದಿನಕ್ಕೆ ತಟ್ಟೆಯಲ್ಲಿ ನಾಲ್ಕೇ ಶೇಂಗಾ.

ಆದರೆ ರೋಗ ‘ಸರ್’ನಲ್ಲಿರಲಿಲ್ಲ. ಅದನ್ನೂ ಹಿಡಿದದ್ದು ಅವಳೇ. ಪ್ರಶ್ನೆ ಕೇಳುತ್ತಾ ಕೇಳುತ್ತಾ ನಡುವೆ ಬೇಕಂತಲೇ ಒಂದು ತಪ್ಪು ಮಾತು ಸೇರಿಸಿದಳು. ‘ಮೋಟರ್ ಓಡ್ತಾ ಇದೆ ಅಂದ್ರೆ ಬೆಲ್ಟೂ ಓಡ್ತಾ ಇದೆ ಅಂತ ಅಲ್ವಾ?’ ಅಂದಳು. ನಾನು ‘ಯೆಸ್, ಯೆಸ್, ಕರೆಕ್ಟ್’ ಅಂದು ಮುಂದೆ ಹೋದೆ. ಮೋಟರ್ ಓಡುತ್ತಿದ್ದರೂ ಬೆಲ್ಟ್ ಜಾರಿ ನಿಂತಿರಬಹುದು. ಅದನ್ನು ಹಿಡಿಯೋದೇ ನನ್ನ ಕೆಲಸದ ಅರ್ಧ ಭಾಗ! ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಯಾರೇ ಕೂತಿದ್ದರೂ ಅವರು ಹೇಳಿದ್ದಕ್ಕೆ ಮೊದಲು ಹೂಂ ಅನ್ನಬೇಕು. ನನ್ನ ಮೈಗೆ ಆ ಅಭ್ಯಾಸ ಅಂಟಿಕೊಂಡಿತ್ತು. ಎಷ್ಟೋ ಸಲ ನಮ್ಮ ‘ಯೆಸ್’ ಅಂದರೆ ‘ಕೇಳಿಸ್ತು, ಮುಂದೆ ಹೇಳ್ರಿ’ ಅಂತ. ಡಚ್ಚರಿಗೆ ಅದು ‘ಒಪ್ಪಿದೆ’. ತಲೆಯನ್ನು ಅಡ್ಡಡ್ಡ ಆಡಿಸುವುದೂ ಅಷ್ಟೇ. ವಿಡಿಯೋದಲ್ಲಿ ಅದು ಅವರಿಗೆ ಹೌದೋ ಅಲ್ಲವೋ ತಿಳಿಯಲ್ಲ. ಅದಕ್ಕೆ ಔಷಧಿ ಸಿಗಲಿಲ್ಲ. ಈಗಲೂ ಆಡಿಸುತ್ತೇನೆ.

ಇನ್ನೊಂದು ಕಷ್ಟ ಮೌನದ್ದು. ಉತ್ತರ ಹೇಳಿ ಮುಗಿಸಿದ ಮೇಲೆ ಅವರು ಬರೆದುಕೊಳ್ಳುತ್ತಾ ಸುಮ್ನೆ ಇರುತ್ತಾರೆ. ಐದು ಸೆಕೆಂಡಾದರೆ ನನಗೆ ಗಾಬರಿ. ಏನೋ ತಪ್ಪಾಯಿತು ಅಂದುಕೊಂಡು ಇನ್ನಷ್ಟು ಸೇರಿಸುತ್ತಿದ್ದೆ. ಸೇರಿಸಿದ್ದೇ ಮುಳುವಾಗುತ್ತಿತ್ತು. ಪಕ್ಕದಲ್ಲಿ ನೀರಿನ ಲೋಟ ಇಟ್ಟುಕೊಂಡೆ. ಉತ್ತರ ಮುಗಿದ ತಕ್ಷಣ ಒಂದು ಗುಟುಕು. ಬಾಯಲ್ಲಿ ನೀರಿದ್ದರೆ ಮಾತಾಡೋಕೆ ಬರಲ್ಲ ಅಲ್ವಾ?

ಅಭ್ಯಾಸದಲ್ಲಿ ಅತಿ ಹೆಚ್ಚು ಸಲ ತಿದ್ದಿದ್ದು ಒಂದು ಕಥೆಯನ್ನು. ‘ಮೇಲಿನವರು ತಪ್ಪು ಹೇಳಿದಾಗ ನೀವೇನು ಮಾಡಿದಿರಿ?’ ಈ ಪ್ರಶ್ನೆ ಬಂದೇ ಬರುತ್ತೆ ಅಂತ ಸೀನಿಯರ್ ಹೇಳಿದ್ದರು. ನಾನು ಮೊದಲು ಬರೆದದ್ದು: ‘ಒಮ್ಮೆ ಬೆಲ್ಟ್ ಪದೇ ಪದೇ ನಿಲ್ಲುತ್ತಿತ್ತು. ನಾವೆಲ್ಲ ಸೇರಿ ಚರ್ಚೆ ಮಾಡಿ ಸರಿಪಡಿಸಿದೆವು.’

‘ನಾವೆಲ್ಲ ಅಂದ್ರ ಯಾರು? ನೀನು ಏನು ಮಾಡ್ದಿ?’ ಅಂದರು ಸೀನಿಯರ್.

ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಬೆಲ್ಟಿನ ಹಿಂಭಾಗದ ಪುಲ್ಲಿ ತಿರುಗುತ್ತಿದೆಯೋ ಇಲ್ಲವೋ ನೋಡಲು ಒಂದು ಸೆನ್ಸರ್ ಇರುತ್ತೆ. ಝೀರೋ ಸ್ಪೀಡ್ ಸ್ವಿಚ್ ಅಂತೀವಿ. ಮೋಟರ್ ಓಡುತ್ತಿದ್ದು ಪುಲ್ಲಿ ನಿಂತಿದ್ದರೆ ಬೆಲ್ಟ್ ಜಾರಿದೆ ಅಂತ ಅರ್ಥ. ಆಗ ಅದು ಮೋಟರನ್ನೂ, ಇದರ ಮೇಲೆ ಮಾಲು ಸುರಿಯುವ ಹಿಂದಿನ ಬೆಲ್ಟನ್ನೂ ನಿಲ್ಲಿಸುತ್ತೆ. ಅದಿರಿನ ಧೂಳು ಮೆತ್ತಿಕೊಂಡು ಆ ಸೆನ್ಸರ್ ಸುಮ್ಸುಮ್ನೆ ಬೆಲ್ಟ್ ನಿಲ್ಲಿಸುತ್ತಿತ್ತು. ಶಿಫ್ಟ್ ಇನ್‌ಚಾರ್ಜ್ ‘ಜಂಪರ್ ಹಾಕು, ಬೆಳಗ್ಗೆ ನೋಡೋಣ’ ಅಂದರು. ಅಂದರೆ ಸೆನ್ಸರನ್ನು ತಪ್ಪಿಸಿ ವೈರ್ ಜೋಡಿಸು ಅಂತ. ಹಾಕಿದೆ. ರಾತ್ರಿ ಮೂರು ಗಂಟೆಗೆ ಬೆಲ್ಟ್ ನಿಜವಾಗಿಯೇ ಜಾರಿತು. ನಿಲ್ಲಿಸುವವರೇ ಇರಲಿಲ್ಲ. ಹಿಂದಿನ ಬೆಲ್ಟ್ ಸುರಿಯುತ್ತಲೇ ಇತ್ತು. ಮಾಲು ಕೆಳಗಿಳಿಯುವ ಚೂಟ್ ತುಂಬಿ ಕಟ್ಟಿಕೊಂಡಿತು. ಬೆಳಗ್ಗೆ ಒಂಬತ್ತರವರೆಗೆ ಸಲಿಕೆಯಲ್ಲಿ ಎತ್ತಿ ಹಾಕಿದೆವು. ನಾನೂ ಎತ್ತಿದೆ. ಯಾರಿಗೂ ಏಟಾಗಲಿಲ್ಲ, ಅದೊಂದು ಪುಣ್ಯ. ಆಮೇಲೆ ಒಂದು ವರ್ಷಕ್ಕೆ ಇನ್ನೊಬ್ಬರು ಜಂಪರ್ ಹಾಕು ಅಂದಾಗ ‘ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕ್ರಿ, ಹಾಕ್ತೀನಿ’ ಅಂದೆ. ಅವರು ಬರೆಯಲಿಲ್ಲ. ನಾನೂ ಹಾಕಲಿಲ್ಲ. ಸೆನ್ಸರ್ ಒರೆಸಿ, ಅದರ ಅಂತರ ಸರಿಮಾಡೋಕೆ ಇಪ್ಪತ್ತು ನಿಮಿಷ ಸಾಕಾಯಿತು.

‘ಇದನ್ನ ಹೇಳು. ಮೊದಲನೇದನ್ನೂ ಹೇಳು’ ಅಂದರು ಸೀನಿಯರ್. ತಪ್ಪು ಮಾಡಿದ್ದನ್ನು ಇಂಟರ್‌ವ್ಯೂನಲ್ಲಿ ಹೇಳಬೇಕಾ ಅಂತ ನನಗೆ ಅಳುಕು. ಎರಡನೆಯದನ್ನಷ್ಟೇ ಹೇಳಿದರೆ ನಂಬೋದು ಕಷ್ಟ ಅಂತ ಹೆಂಡತಿಯೂ ಅಂದಳು. ನಾನೇ ಕೇಳಿಸಿಕೊಂಡಾಗ ನನಗೂ ಹಾಗೇ ಅನ್ನಿಸಿತು.

ಮೊದಲ ಸುತ್ತು ಬೇಗ ಮುಗಿಯಿತು. ವೀಸಾ ಉತ್ತರ ಹೇಳಿದಾಗ ಎಚ್‌ಆರ್ ‘ಪಟ್ಟಿ ನೋಡಿದ್ದೀರಾ? ಒಳ್ಳೇದು’ ಅಂದಳು. ಮುಂದಿನ ಪ್ರಶ್ನೆಗೆ ಹೋದಳು.

ಎರಡನೇ ಸುತ್ತು ಏಪ್ರಿಲ್ 8, ‘ನಮ್ಮ ಸಮಯ ಬೆಳಗ್ಗೆ 10’ ಅಂತ ಮೇಲ್. ಹೋದ ಸಲದಂತೆ ಮಧ್ಯಾಹ್ನ ಎರಡೂವರೆ ಅಂತ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಹಿಂದಿನ ರಾತ್ರಿ ಸೀನಿಯರ್ ಫೋನ್ ಮಾಡಿ ‘ನಾಳೆ ಒಂದೂವರಿಗೆ ಅಲ್ಲ?’ ಅಂದಾಗ ಎದೆ ಧಸಕ್ಕೆಂದಿತು. ಮಾರ್ಚ್‌ನ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಅಲ್ಲಿಂದ ನಮಗೂ ಅವರಿಗೂ ಮೂರೂವರೆ ತಾಸಿನ ಅಂತರ, ನಾಲ್ಕೂವರೆ ಅಲ್ಲ. ಅವರು ಫೋನ್ ಮಾಡದಿದ್ದರೆ ನಾನು ಊಟ ಮಾಡುತ್ತಾ ಕೂತಿರುತ್ತಿದ್ದೆ.

ಏಪ್ರಿಲ್‌ನ ಬಳ್ಳಾರಿ ಮಧ್ಯಾಹ್ನ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಮಹಡಿ ಕೋಣೆ ಬಿಟ್ಟು ಕೆಳಗಿನ ದೇವರ ಕೋಣೆ ಪಕ್ಕದಲ್ಲಿ ಕೂತೆ. ಫ್ಯಾನ್ ಸದ್ದು ಮೈಕಿಗೆ ಬರುತ್ತೆ ಅಂತ ಅದನ್ನೂ ಆರಿಸಿದ್ದೆ. ಅಂಗಿ ಬೆನ್ನಿಗೆ ಅಂಟಿತ್ತು. ಎದುರಿಗೆ ಇಬ್ಬರು. ಒಬ್ಬ ಐವತ್ತು ದಾಟಿದ ಡಿಸೈನ್ ಎಂಜಿನಿಯರ್, ಇನ್ನೊಬ್ಬಳು ಅದೇ ಎಚ್‌ಆರ್.

ಜಂಪರ್ ಕಥೆಯನ್ನು ಆತ ಮಧ್ಯೆ ಬಾಯಿ ಹಾಕದೆ ಕೇಳಿದ. ಮುಗಿದ ಮೇಲೆ ಬರೆದುಕೊಂಡ. ನಾನು ನೀರು ಕುಡಿದೆ. ಆಮೇಲೆ ಕೇಳಿದ, ‘ಈಗ ನೀವೇ ಆ ಪ್ರೋಗ್ರಾಂ ಬರೆಯುವುದಾದರೆ?’

ಬೆಲ್ಟ್ ಶುರುವಾಗುವಾಗ ಮೊದಲ 12 ಸೆಕೆಂಡು ಆ ಸೆನ್ಸರನ್ನು ಲೆಕ್ಕಕ್ಕೆ ತಗೊಳ್ಳಲ್ಲ, ಆಮೇಲೆ ಪುಲ್ಲಿ ನಿಂತರೆ ತಕ್ಷಣ ನಿಲ್ಲಿಸ್ತೀನಿ ಅಂದೆ.

‘12 ಜಾಸ್ತಿಯಾಯಿತು’ ಅಂದ. ಮುಖದಲ್ಲಿ ನಗು ಇಲ್ಲ, ಸಿಟ್ಟೂ ಇಲ್ಲ. ‘ಇದು ಸರಿಯಲ್ಲ ಅನ್ನಿಸುತ್ತೆ. ನಾವು 5 ಇಡ್ತೀವಿ.’

ನಾಲಿಗೆ ತುದಿಗೆ ‘ಯೆಸ್ ಸರ್, 5 ಇಡಬಹುದು’ ಬಂದಿತ್ತು. ಕಿವಿಯಲ್ಲಿ ಟಣ್ ಅಂದ ಹಾಗಾಯಿತು. ಸ್ವಲ್ಪ ತಡೆದು ಹೇಳಿದೆ, ‘ನಾನು ಒಪ್ಪಲ್ಲ. ಕಾರಣ ಹೇಳ್ತೀನಿ. ನಮ್ಮ ಬೆಲ್ಟಿಗೆ ಫ್ಲೂಯಿಡ್ ಕಪ್ಲಿಂಗ್ ಇದೆ, ಎಣ್ಣೆಯ ಮೂಲಕ ಬೆಲ್ಟನ್ನು ನಿಧಾನಕ್ಕೆ ಎಳೆಯುತ್ತೆ. ಮಾಲು ತುಂಬಿದ್ದಾಗ ನಿಂತು ಶುರುವಾದರೆ ಪೂರ್ತಿ ವೇಗಕ್ಕೆ ಬರೋಕೆ 8-9 ಸೆಕೆಂಡು ಬೇಕು. 5 ಇಟ್ಟರೆ ಮಾಲು ತುಂಬಿದಾಗಲೆಲ್ಲ ಬೆಲ್ಟ್ ನಿಲ್ಲುತ್ತೆ. ಎರಡು ಸಲ ನಿಂತರೆ ಮೂರನೇ ಸಲ ನನ್ನಂಥ ಒಬ್ಬ ರಾತ್ರಿ ಪಾಳಿಯಲ್ಲಿ ಜಂಪರ್ ಹಾಕ್ತಾನೆ.’

‘ಆ 12 ಸೆಕೆಂಡಿನಲ್ಲಿ ಬೆಲ್ಟ್ ಜಾರಿದರೆ?’

‘ಹಿಂದಿನ ಬೆಲ್ಟ್ ಆಗ ಇನ್ನೂ ಶುರುವಾಗಿರಲ್ಲ. ಇದು ಸರಿಯಾಗಿ ಓಡ್ತಾ ಇದೆ ಅಂತ ಸೆನ್ಸರ್ ಹೇಳಿದ ಮೇಲೆಯೇ ಅದಕ್ಕೆ ಅನುಮತಿ. ಹಾಗಾಗಿ ಮಾಲು ಚೆಲ್ಲಲ್ಲ. 12 ಸೆಕೆಂಡು ಬೆಲ್ಟ್ ಪುಲ್ಲಿ ಮೇಲೆ ಉಜ್ಜುತ್ತೆ, ಅಷ್ಟು ನಷ್ಟ ಒಪ್ಪಿಕೊಳ್ತೀನಿ.’

ಮೌನ. ಆತ ಬರೆದ. ನಾನು ಕುಡಿದೆ. ಲೋಟ ಖಾಲಿಯಾಗಿತ್ತು, ಆದರೂ ಕುಡಿದ ಹಾಗೆ ಮಾಡಿದೆ.

‘ನಿಮ್ಮ ಬೆಲ್ಟಿಗೆ ಸರಿ. ನಮ್ಮದಕ್ಕೆ ಫ್ಲೂಯಿಡ್ ಕಪ್ಲಿಂಗ್ ಇಲ್ಲ, ಮೋಟರಿನ ವೇಗವನ್ನೇ ನಿಯಂತ್ರಿಸುವ ಡ್ರೈವ್ ಇದೆ’ ಅಂದ. ಮುಂದಕ್ಕೆ ಹೋದ. ಗೆದ್ದೆನೋ ಸೋತೆನೋ ಆ ಹೊತ್ತಿಗೆ ತಿಳಿಯಲಿಲ್ಲ. ನಮ್ಮಲ್ಲಿ ಹೀಗೆ ಮಾತಾಡಿದರೆ ಅದು ಜಗಳ. ಅವನಿಗೆ ಅದು ಬರೀ ಕೆಲಸದ ಮಾತಾಗಿತ್ತು.

ಎಚ್‌ಆರ್ ಸ್ಥಳಾಂತರದ ಬಗ್ಗೆ ಕೇಳಿದಳು. ಹೆಂಡತಿಯ ಏಪ್ರಿಲ್ ಲೆಕ್ಕ ಹೇಳಿದೆ. ದುಡ್ಡಿನ ಸಾಲು ಹೇಳಿದೆ. ಮೇಜಿನ ಮಾತು ಹೇಳಿದೆ. ನೋಟಿಸ್ ಪೀರಿಯಡ್ 90 ದಿನ ಅಂದಾಗ ಅವಳ ಹುಬ್ಬು ಮೇಲೆ ಹೋಯಿತು. ಅಲ್ಲಿ ಕೆಲಸ ಬಿಡುವವರು ಸಾಮಾನ್ಯವಾಗಿ ಒಂದು ತಿಂಗಳು ಮೊದಲು ಹೇಳಿದರೆ ಸಾಕು. ಅದಕ್ಕೂ ತಯಾರಾಗಿದ್ದೆ. ‘ಅನುಮತಿ ಬಂದ ಮೇಲೆಯೇ ರಾಜೀನಾಮೆ ಕೊಡೋದು. ಜೂನ್ 2ಕ್ಕೆ ಕೊಟ್ಟರೆ ಆಗಸ್ಟ್ 31ಕ್ಕೆ ಬಿಡುಗಡೆ. ವೀಸಾ ಸ್ಟಿಕರ್ ಕೆಲಸ ಅದರೊಳಗೇ ಮುಗಿಯುತ್ತೆ. ಸೆಪ್ಟೆಂಬರ್ 15ರ ಸೋಮವಾರ ನಿಮ್ಮಲ್ಲಿ ಇರ್ತೀನಿ’ ಅಂದೆ. ತಾರೀಕು ಹೇಳಿದ ಮೇಲೆ ಹುಬ್ಬು ಕೆಳಗಿಳಿಯಿತು.

ಸಂಬಳದ ಮಾತು ಬಂದಾಗ ಜೂನ್ 1ರ ವಿಷಯ ಬಿಚ್ಚಿಟ್ಟೆ. ಮೊದಲೇ ಹೇಳಿದರೆ ‘ಈತ ತಲೆನೋವು’ ಅಂತಾರೇನೋ ಅನ್ನುವ ಭಯ ಇತ್ತು. ಅವಳು ಮಾತ್ರ ‘ಈಗಲೇ ಹೇಳಿದ್ದು ಒಳ್ಳೇದಾಯ್ತು’ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು.

ಏಪ್ರಿಲ್ 25ಕ್ಕೆ ಆಫರ್ ಬಂತು. ವರ್ಷಕ್ಕೆ 58,000 ಯೂರೋ. ನಾನು ಖುಷಿಯಿಂದ 12ರಿಂದ ಭಾಗಿಸಿ 4,833 ಅಂದೆ. ಗಣಿತದ ಟೀಚರ್ ಆಫರ್ ಪತ್ರ ಪೂರ್ತಿ ಓದಿ ‘ನಿಂದರ್ರಿ’ ಅಂದಳು. ‘ಹಾಲಿಡೇ ಅಲೋವನ್ಸ್ ಸೇರಿ’ ಅಂತ ಒಂದು ಸಾಲಿತ್ತು. ಅಲ್ಲಿ ಸಂಬಳದ ಮೇಲೆ 8% ರಜೆ ಭತ್ಯೆ ಕೊಡುತ್ತಾರೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಐಎನ್‌ಡಿ ಮಿತಿ ಲೆಕ್ಕ ಹಾಕುವಾಗ ಅದನ್ನು ಬಿಟ್ಟು ನೋಡುತ್ತಾರೆ. 58,000ವನ್ನು ಮೊದಲು 1.08ರಿಂದ ಭಾಗಿಸಬೇಕು, ಆಮೇಲೆ 12ರಿಂದ. ಬಂದದ್ದು 4,475. 4,171ಕ್ಕಿಂತ ಮೇಲೆ, ಬದುಕಿದೆವು. 30 ತುಂಬಿದವನಾಗಿದ್ದರೆ ಇದೇ ಲೆಕ್ಕದಲ್ಲಿ ವರ್ಷಕ್ಕೆ 73,700 ಯೂರೋ ಮೇಲೆ ಬೇಕಾಗುತ್ತಿತ್ತು.

ಕಂಪನಿ ಮೇ 14ಕ್ಕೆ ಅರ್ಜಿ ಹಾಕಿತು. ಕಾಗದ ಸರಿಯಿದ್ದದ್ದಕ್ಕೆ ಎರಡು ವಾರದೊಳಗೆ, ಮೇ 27ಕ್ಕೆ, ಒಪ್ಪಿಗೆ ಬಂತು.

ಜೂನ್ 1 ಭಾನುವಾರ. ರಾಜೀನಾಮೆ ಪತ್ರ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಿದ್ದೆ. ಹೆಂಡತಿ ಹೋಳಿಗೆ ಮಾಡಿದ್ದಳು. ಊಟದ ಹೊತ್ತಿಗೆ ಸಿರುಗುಪ್ಪದಿಂದ ಅವ್ವನ ಫೋನ್ ಬಂತು.

‘ಏನು ಮಾಡೀರಿ ಇವತ್ತು?’

‘ಹೋಳಿಗಿ ಅವ್ವ.’

‘ಯಾಕ, ಯಾವ ಹಬ್ಬ?’

‘ನನ್ನ ಹುಟ್ಟಿದ ದಿನ. ಮೂವತ್ತು ತುಂಬಿತು.’

‘ಯಾರು ಹೇಳಿದ್ರು ನಿನಗ?’

‘ಮೇಷ್ಟ್ರು’ ಅಂದೆ.